ಒಂಬತ್ತು ತಿಂಗಳು ಮಲಗಿದ ರೊಕ್ಕದ ಲೆಕ್ಕ

ಪ್ರಶ್ನೆ: ಸರ್, ನಾನು ಬ್ಯಾಡಗಿಯವನು, ಮೂರು ವರ್ಷದಿಂದ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೀನಿ. ಆಗಸ್ಟ್ ಮೊದಲ ವಾರ, ಇಲ್ಲಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಕಪ್ ಯಾರಿಗೆ ಅನ್ನೋ ಬೆಟ್‌ನಲ್ಲಿ ಒಂದು ತಂಡದ ಮೇಲೆ 9.00ರ ಆಡ್ಸ್‌ಗೆ 200 ಪೌಂಡ್ ಹಾಕಿದೆ. ಅವತ್ತಿನ ದರಪಟ್ಟಿಯ ಫೋಟೊ ಕಳಿಸಿದ್ದೀನಿ. ಈಗ ಜನವರಿ ಅರ್ಧ ಮುಗೀತು, ನನ್ನ ತಂಡದ ಆಡ್ಸ್ 4.00ಕ್ಕೆ ಇಳಿದಿದೆ, ಎಕ್ಸ್‌ಚೇಂಜ್‌ನಲ್ಲಿ 4.4 ಇದೆ, ಬೆಟ್ ಈಗಲೇ ಮುಗಿಸಿದರೆ ಸಿಗೋ ಕ್ಯಾಶ್ ಔಟ್ 340 ಪೌಂಡ್ ಅಂತ ಬುಕ್ಕಿ ಆ್ಯಪ್‌ನಲ್ಲಿ ತೋರಿಸ್ತಿದೆ. ತಗೊಳ್ಳಲೋ ಬಿಡಲೋ? ಇಂಥ ಬೆಟ್‌ನಲ್ಲಿ ಬುಕ್ಕಿಯ ಪಾಲು ಮ್ಯಾಚ್ ಬೆಟ್‌ಗಿಂತ ಜಾಸ್ತಿ ಅಂತಾರೆ, ಯಾಕೆ? ಅಪ್ಪ ಮೆಣಸಿನಕಾಯಿ ವ್ಯಾಪಾರ ಮಾಡ್ತಾರೆ. ಆಗಸ್ಟ್‌ನಲ್ಲಿ ದಲಾಲಿ ಅಂಗಡಿಯಿಂದ ನೂರಕ್ಕೆ ಎರಡರ ಬಡ್ಡಿಗೆ ತಗೊಂಡಿದ್ದು ಇನ್ನೂ ತೀರಿಲ್ಲ. ಫೋನ್ ಮಾಡಿದಾಗೆಲ್ಲ "ರೊಕ್ಕ ಮಲಗಿಸಿದೆಲ್ಲೋ" ಅಂತ ಬೈತಾರೆ.

ಉತ್ತರ: ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ಇಪ್ಪತ್ತೂ ತಂಡಗಳ ದರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಧಾರವಾಡದಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ಅಭ್ಯಾಸ, ಎದುರಿಗೆ ದರಪಟ್ಟಿ ಇದ್ದರೆ ಮೊದಲು ಅದನ್ನು ಕೂಡಿಸಿ ನೋಡುವುದು. ಕ್ಯಾಶ್ ಔಟ್ ಗುಂಡಿಯ ಪ್ರಶ್ನೆಗೂ ಉತ್ತರ ಅದೇ ಹಾಳೆಯಿಂದ ಬರುತ್ತದೆ. ಆದ್ದರಿಂದ ಆಗಸ್ಟ್‌ನಿಂದಲೇ ಶುರು ಮಾಡುತ್ತೇನೆ.

ಒಂದು ಕೆಲಸ ಮಾಡಿ. ಯಾವ ತಂಡ ಗೆದ್ದರೂ ಕೈಗೆ 1000 ಪೌಂಡ್ ಬರಬೇಕು, ಹಾಗೆ ಇಪ್ಪತ್ತೂ ತಂಡಗಳ ಮೇಲೆ ಹಾಕುತ್ತೀರಿ ಅಂದುಕೊಳ್ಳಿ. ಒಂದೊಂದು ತಂಡಕ್ಕೆ ಎಷ್ಟು ಹಾಕಬೇಕು? ಆಡ್ಸ್ ಅಂದರೆ ಗೆದ್ದಾಗ ಹಾಕಿದ್ದರ ಎಷ್ಟು ಪಟ್ಟು ಕೈಗೆ ಬರುತ್ತದೆ ಅನ್ನುವ ಅಂಕಿ, ಆದ್ದರಿಂದ 1000ವನ್ನು ಆ ತಂಡದ ಆಡ್ಸ್‌ನಿಂದ ಭಾಗಿಸಿದರೆ ಸಿಗುತ್ತದೆ. ನಿಮ್ಮ ಪಟ್ಟಿಯ ಮೊದಲ ತಂಡ 2.75, ಅದಕ್ಕೆ 364 ಪೌಂಡ್. ಎರಡನೆಯದು 3.50, ಅದಕ್ಕೆ 286. ಮೂರನೆಯದು 6.50, ಅದಕ್ಕೆ 154. ನಾಲ್ಕನೆಯದು ನಿಮ್ಮದು, 9.00, ಅದಕ್ಕೆ 111. ಪೆನ್ಸ್ ಹಿಡಿದು ಕೂಡಿಸಿದರೆ ಈ ನಾಲ್ಕಕ್ಕೇ 914 ಪೌಂಡ್ ಆಯಿತು. ಐದನೆಯ ತಂಡ 15, ಆರನೆಯದು 21, ಹೀಗೆ ಏರುತ್ತಾ ಕಡೆಯ ಐದು ತಂಡಗಳು 501ರವರೆಗೆ ಹೋಗಿವೆ. ಈ ಹದಿನಾರು ತಂಡಗಳಿಗೆ ಒಟ್ಟು 218 ಪೌಂಡ್. ಎಲ್ಲ ಸೇರಿ 1132. ಅಂದರೆ 1132 ಕೊಟ್ಟು 1000 ತಗೊಳ್ಳುವ ವ್ಯವಹಾರ ಇದು. ಮೇಲಿನ 132 ಬುಕ್ಕಿಯದು. ಈ ಧಂದೆಯಲ್ಲಿ ಇದಕ್ಕೆ ಓವರ್‌ರೌಂಡ್ ಅನ್ನುತ್ತಾರೆ, ನಿಮ್ಮ ಪಟ್ಟಿಯ ಓವರ್‌ರೌಂಡ್ 13.2%. ಜನ ಹಾಕಿದ ಪ್ರತಿ 100 ಪೌಂಡಿನಲ್ಲಿ 132ನ್ನು 1132ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚುಕಡಿಮೆ 11 ಪೌಂಡ್ 70 ಪೆನ್ಸ್ ಬುಕ್ಕಿಯ ಹತ್ತಿರ ಉಳಿಯುವ ಹಾಗೆ ದರ ಕಟ್ಟಿದ್ದಾರೆ.

ಈಗ ಅದೇ ಲೀಗಿನ ಒಂದು ಪಂದ್ಯ ತಗೊಳ್ಳಿ. ಆತಿಥೇಯ ತಂಡ 2.05, ಡ್ರಾ 3.40, ಎದುರಾಳಿ 3.60 ಅನ್ನುವುದು ಸಾಧಾರಣವಾಗಿ ಕಾಣುವಂಥ ದರ. ಅದೇ ರೀತಿ ಭಾಗಿಸಿದರೆ 488, 294, 278. ಕೂಡಿಸಿದರೆ 1060. ಪಂದ್ಯದ ಬೆಟ್‌ನಲ್ಲಿ 60, ಕಪ್‌ನ ಬೆಟ್‌ನಲ್ಲಿ 132. ನೀವು ಕೇಳಿದ್ದು ಹೌದು, ಎರಡರಷ್ಟಕ್ಕಿಂತ ಹೆಚ್ಚಿದೆ.

ಯಾಕೆ ಅನ್ನುವುದಕ್ಕೆ ಎಲ್ಲರೂ ಮೊದಲು ಹೇಳುವ ಕಾರಣ ಸರಿಯೇ: ಸಾಲು ಉದ್ದ. ಪಂದ್ಯಕ್ಕೆ ಮೂರೇ ಫಲಿತಾಂಶ, ಕಪ್‌ಗೆ ಇಪ್ಪತ್ತು. ಒಂದೊಂದರ ಮೇಲೂ ಸ್ವಲ್ಪ ಸ್ವಲ್ಪ ಏರಿಸಿದರೂ ಇಪ್ಪತ್ತು ಸಲ ಏರಿಸಿದ ಹಾಗಾಗುತ್ತದೆ. ಮೂರು ದರವನ್ನು ಗಿರಾಕಿ ಬಾಯಲ್ಲೇ ಕೂಡಿಸಿಯಾನು, ಇಪ್ಪತ್ತನ್ನು ಯಾರೂ ಕೂಡಿಸುವುದಿಲ್ಲ. ನೀವೂ ಕೂಡಿಸಿರಲಿಲ್ಲ.

ಏರಿಸಿದ್ದು ಎಲ್ಲ ತಂಡದ ಮೇಲೂ ಸಮವಾಗಿಲ್ಲ ಅನ್ನುವುದು ಇನ್ನೂ ಮುಖ್ಯ. ನಿಮ್ಮ ಪಟ್ಟಿಯ ಕೆಳಗಿನ ಹದಿನಾರು ತಂಡಗಳಿಗೆ ಸೇರಿ 218 ಬಿತ್ತಲ್ಲ, ಅದನ್ನು ನೋಡಿ. ಈ ಹದಿನಾರರಲ್ಲಿ ಒಂದು ತಂಡ ಕಪ್ ಎತ್ತುವ ಸಾಧ್ಯತೆ ನೂರಕ್ಕೆ 22ರಷ್ಟು ಎಂದು ಆ ದರ ಹೇಳುತ್ತಿದೆ. ಪ್ರೀಮಿಯರ್ ಲೀಗ್ ಶುರುವಾದ 1992ರಿಂದ 2025ರವರೆಗೆ 33 ಸೀಸನ್ ನಡೆದಿವೆ, ಕಪ್ ಗೆದ್ದ ಕ್ಲಬ್‌ಗಳು ಏಳೇ. ಕೆಳಗಿನ ಸಾಲಿನಿಂದ ಎದ್ದು ಬಂದು ಗೆದ್ದದ್ದು ಅಂದರೆ ಎಲ್ಲರಿಗೂ ನೆನಪಾಗುವುದು ಲೆಸ್ಟರ್ ಸಿಟಿ, 2016ರ ಮೇ 2ರಂದು. ಆ ಸೀಸನ್ನಿನ ಆರಂಭದಲ್ಲಿ ಅದರ ಮೇಲೆ ಒಂದಕ್ಕೆ 5000 ಕೊಡುತ್ತಿದ್ದರು. ಆ ದರಕ್ಕೆ ಹತ್ತು ಪೌಂಡ್ ಹಾಕಿ ಕೊನೆಯವರೆಗೆ ಬಿಟ್ಟ ಒಬ್ಬೊಬ್ಬನಿಗೂ 50,000 ಕೊಡಬೇಕಾಯಿತು. ಚಿಕ್ಕ ತಂಡದ ಮೇಲೆ ಬುಕ್ಕಿ ಕೈ ಬಿಗಿಹಿಡಿಯುವುದು ಈ ಹೆದರಿಕೆಗೆ. ನಿಜವಾದ ಸಾಧ್ಯತೆ ಎರಡು ಸಾವಿರಕ್ಕೊಂದು ಇರಬಹುದಾದ ತಂಡಕ್ಕೂ 501 ಅಂತಲೇ ಬರೆಯುತ್ತಾನೆ. ಗಿರಾಕಿಗೆ "ಒಂದಕ್ಕೆ ಐನೂರು" ಅನ್ನುವುದೇ ಬಹಳ ಕಾಣುತ್ತದೆ, ಅದು ಎರಡು ಸಾವಿರ ಆಗಬೇಕಿತ್ತು ಅನ್ನುವುದು ಕಾಣುವುದಿಲ್ಲ. ಅಮೆರಿಕದ ಕುದುರೆ ರೇಸುಗಳ ಅಂಕಿಗಳನ್ನು ಕೂಡಿಸಿ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು 1949ರಲ್ಲೇ ತೋರಿಸಿದ್ದ: ಗೆಲ್ಲುವ ಆಸೆ ಕಡಿಮೆ ಇರುವ ಕುದುರೆಯ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಾಕುತ್ತಾರೆ, ಫೇವರಿಟ್ ಮೇಲೆ ಕಡಿಮೆ.

ಇನ್ನೊಂದು ಕಾರಣ, ಬುಕ್ಕಿಗಿಂತ ಹೆಚ್ಚು ತಿಳಿದವರು. ಆಗಸ್ಟ್‌ನಲ್ಲಿ ಬರೆದ ದರ ಮೇ ತನಕದ ಸುದ್ದಿಯನ್ನು ಹೊತ್ತುಕೊಳ್ಳಬೇಕು. ಯಾವ ಆಟಗಾರನ ಮಂಡಿ ಹೋಗಿದೆ, ಯಾರು ತಂಡ ಬಿಟ್ಟು ಹೋಗುತ್ತಿದ್ದಾನೆ ಅನ್ನುವುದು ಕ್ಲಬ್‌ನೊಳಗಿನವರಿಗೆ ಮೊದಲು ಗೊತ್ತಾಗುತ್ತದೆ. ಅಂಥವರ ಕೈಗೆ ಸಿಕ್ಕಿ ಆಗುವ ನಷ್ಟವನ್ನು ಬುಕ್ಕಿ ಉಳಿದ ಎಲ್ಲ ಗಿರಾಕಿಗಳ ದರದಲ್ಲಿ ಸೇರಿಸಿಬಿಡುತ್ತಾನೆ. 1990ರ ದಶಕದ ಆರಂಭದಲ್ಲಿ ಹ್ಯುನ್ ಸಾಂಗ್ ಶಿನ್ ಎಂಬ ಅರ್ಥಶಾಸ್ತ್ರಜ್ಞ ಇಂಗ್ಲೆಂಡಿನ ರೇಸುಗಳನ್ನಿಟ್ಟುಕೊಂಡು ಈ ವಾದವನ್ನು ಗಣಿತದಲ್ಲಿ ಕಟ್ಟಿದರು. ಓಡುವ ಕುದುರೆಗಳ ಸಂಖ್ಯೆ ಹೆಚ್ಚಿದಷ್ಟೂ ಬುಕ್ಕಿಯ ಪಾಲು ಏರುತ್ತದೆ ಅನ್ನುವುದು ಅದರೊಳಗಿಂದಲೇ ಬರುತ್ತದೆ.

ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಮಾತ್ರ ಹುಬ್ಬಳ್ಳಿಯ ಜನತಾ ಬಜಾರದಲ್ಲಿದೆ. ಬೆಳಿಗ್ಗೆ ಬುಟ್ಟಿಯಲ್ಲಿ ಮೆಂತ್ಯ, ರಾಜಗಿರಿ ಇಟ್ಟುಕೊಂಡು ಕೂತ ಹೆಣ್ಣುಮಗಳು ಒಂದು ಕಟ್ಟಿನ ಮೇಲೆ ಒಂದೆರಡು ರೂಪಾಯಿ ಇಟ್ಟುಕೊಳ್ಳುತ್ತಾಳೆ. ಸಂಜೆಗೆ ಬುಟ್ಟಿ ಖಾಲಿ, ಅದೇ ರೊಕ್ಕ ಮರುದಿನ ಮತ್ತೆ ಸೊಪ್ಪಾಗುತ್ತದೆ. ಅಲ್ಲೇ ನಾಲ್ಕು ಹೆಜ್ಜೆ ಮುಂದೆ ಹಿತ್ತಾಳೆ ಪಾತ್ರೆಯ ಅಂಗಡಿಯವನಿಗೆ ಒಂದು ಹಂಡೆ ಹೋಗಲು ಎಂಟು ತಿಂಗಳಾಗಬಹುದು. ಸೊಪ್ಪಿನವಳ ಲಾಭದಲ್ಲಿ ಹಂಡೆ ಮಾರಿದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. ನಿಧಾನ ಹೋಗುವ ಮಾಲಿಗೆ ಲಾಭ ದಪ್ಪ ಇರಲೇಬೇಕು.

ಬುಕ್ಕಿಗೆ ಪಂದ್ಯದ ಬೆಟ್ ಸೊಪ್ಪು, ಕಪ್‌ನ ಬೆಟ್ ಹಂಡೆ. ಪ್ರತಿ ವಾರಾಂತ್ಯ 200 ಪೌಂಡನ್ನು ಒಂದು ಪಂದ್ಯದ ಮೇಲೆ ಹಾಕುವ ಗಿರಾಕಿಯಿಂದ ಅವನಿಗೆ ಸರಾಸರಿ 11 ಪೌಂಡ್ ಉಳಿಯುತ್ತದೆ. ಒಂದು ಸೀಸನ್ನಿಗೆ ಪ್ರತಿ ತಂಡಕ್ಕೂ 38 ಪಂದ್ಯ. 38 ಸಲ ಹೀಗೆ ಹಾಕಿದರೆ ಸುಮಾರು 430 ಪೌಂಡ್. ಅದೇ 200 ಪೌಂಡ್ ಆಗಸ್ಟ್‌ನಲ್ಲಿ ಕಪ್‌ನ ಬೆಟ್‌ಗೆ ಹೋಗಿ ಕೂತರೆ ಬುಕ್ಕಿಗೆ ಸರಾಸರಿ ಉಳಿಯುವುದು 23 ಪೌಂಡ್, ಒಂದೇ ಸಲ. ಮೇ ತನಕ ಆ ರೊಕ್ಕ ಮತ್ತೆ ಹೊಸ ಬೆಟ್ ಆಗಿ ತಿರುಗುವುದಿಲ್ಲ. ಹೀಗಾಗಿ ಒಂದು ಸುತ್ತಿಗೆ ಅವನು ದಪ್ಪ ಲಾಭವನ್ನೇ ಹಿಡಿಯುತ್ತಾನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಕಪ್‌ನ ಬೆಟ್‌ನಲ್ಲಿ ಬುಕ್ಕಿಯ ಪಾಲು ಹೆಚ್ಚು, ಹಾಗಾದರೆ ಇನ್ನು ಮೇಲೆ ಪಂದ್ಯಕ್ಕೆ ಹಾಕೋಣ" ಎಂದು ನೀವು ತೀರ್ಮಾನಿಸಿದರೆ ನನ್ನ ಲೆಕ್ಕದ ತಿರುಳು ಕೈತಪ್ಪಿದ ಹಾಗೆ. ಮೇಲಿನ ಎರಡು ಅಂಕಿಗಳನ್ನು ಮತ್ತೊಮ್ಮೆ ಓದಿ, 430 ಮತ್ತು 23. ಒಂದೊಂದು ಪೌಂಡಿಗೆ ನೋಡಿದರೆ ಕಪ್‌ನ ಬೆಟ್ ದುಬಾರಿ. ವರ್ಷಕ್ಕೆ ಎಷ್ಟು ಹೋಯಿತು ಅಂತ ನೋಡಿದರೆ ವಾರವಾರದ ಬೆಟ್ ಎಷ್ಟೋ ಪಾಲು ದುಬಾರಿ.

ಇನ್ನು ನಿಮ್ಮ ಅಪ್ಪಾರ ಮಾತಿಗೆ ಬರುತ್ತೇನೆ. ಅವರ ಮಾತಿನಲ್ಲಿ ನನಗೆ ಬಹಳ ಗೌರವ ಇದೆ, ಅದಕ್ಕೆ ಕಾರಣ ಕಣ್ಣಾರೆ ಕಂಡದ್ದು. ನನ್ನ ಒಬ್ಬ ಹಳೆಯ ವಿದ್ಯಾರ್ಥಿಯ ತಂದೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರು. ಒಮ್ಮೆ ಅವರ ಜೊತೆ ಕೋಲ್ಡ್ ಸ್ಟೋರೇಜ್‌ಗೆ ಹೋಗಿದ್ದೆ. ಹೊರಗೆ ಏಪ್ರಿಲ್ ಬಿಸಿಲು, ದಪ್ಪ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಮೈ ನಡುಗುವ ಚಳಿ, ಮೂಗಿಗೆ ಘಾಟು, ಎದುರಿಗೆ ಸೂರಿನವರೆಗೆ ಚೀಲ. ಹೊರಗಿಟ್ಟರೆ ಬ್ಯಾಡಗಿ ಕಾಯಿಯ ಕೆಂಪು ಬಣ್ಣ ಇಳಿಯುತ್ತದೆ, ಬಣ್ಣ ಇಳಿದರೆ ದರ ಇಳಿಯುತ್ತದೆ, ಅದಕ್ಕೇ ಈ ಚಳಿ. ಅವರು ಕಿಸೆಯಿಂದ ಸಣ್ಣ ಡೈರಿ ತೆಗೆದು ತೋರಿಸಿದರು. ಒಂದು ಪುಟದಲ್ಲಿ ಮೂರು ಸಾಲು: ಚೀಲದ ಬಾಡಿಗೆ, ತೂಕದಲ್ಲಿ ಆಗುವ ಇಳಿತ, ಮೂರನೆಯದು ಬಡ್ಡಿ. "ಈ ಮಾಲು ಸಾಲದ್ದೇನ್ರಿ?" ಅಂತ ಕೇಳಿದೆ. "ಇಲ್ಲರೀ, ನನ್ನ ಸ್ವಂತ ರೊಕ್ಕ. ಸ್ವಂತದ್ದಾದ್ರೇನು, ಬ್ಯಾರೆ ಕಡೆ ಇಟ್ಟಿದ್ರ ದುಡೀತಿತ್ತಲ್ಲ, ಅದನ್ನ ಬರ್ಕೊಳ್ಳಿಕ್ಕೇ ಬೇಕು" ಅಂದರು. ಕಾಯಿಯ ದರ ಆ ಮೂರೂ ಸಾಲಿನ ಮೊತ್ತವನ್ನು ದಾಟಿ ಏರಿದರೆ ಮಾತ್ರ ಹಿಡಿದಿಟ್ಟಿದ್ದು ಲಾಭ.

ನಿಮ್ಮ 200 ಪೌಂಡಿಗೆ ಇದೇ ಡೈರಿ ಬರೆಯೋಣ. ಮೊದಲು ಬೆಟ್‌ನ ನ್ಯಾಯವಾದ ದರ. 9.00 ಅಂದರೆ ನೂರಕ್ಕೆ 11.1ರ ಸಾಧ್ಯತೆ. ಅದರೊಳಗೆ ಬುಕ್ಕಿಯ ಏರಿಕೆ ಸೇರಿದೆ. 1.132ರಿಂದ ಭಾಗಿಸಿದರೆ 9.8. ಈ ಭಾಗಾಕಾರ ಏರಿಕೆಯನ್ನು ಎಲ್ಲ ತಂಡಕ್ಕೂ ಸಮವಾಗಿ ಹಂಚುತ್ತದೆ. ನಾಲ್ಕನೇ ತಂಡಕ್ಕೆ ಅದು ತೀರಾ ತಪ್ಪಾಗುವುದಿಲ್ಲ, ಆದರೆ 501ರ ತಂಡಕ್ಕೆ ಹೀಗೆ ಮಾಡಬೇಡಿ. 9.8 ಅಂದರೆ ನ್ಯಾಯವಾದ ಆಡ್ಸ್ 10.2. ನಿಮಗೆ ಸಿಕ್ಕಿದ್ದು 9.

ಈಗ ಬಡ್ಡಿಯ ಸಾಲು. ಆಗಸ್ಟ್ ಮೊದಲ ವಾರದಿಂದ ಮೇ ಕೊನೆಯವರೆಗೆ ಒಂಬತ್ತೂವರೆ ತಿಂಗಳು. ಅಲ್ಲಿನ ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ನೂರಕ್ಕೆ 4 ಸಿಗುತ್ತಿತ್ತು ಅಂದುಕೊಂಡರೆ 200ಕ್ಕೆ ಆರು ಪೌಂಡ್ ಚಿಲ್ಲರೆ. ಅದನ್ನು ಸೇರಿಸಿದರೆ ಬೆಟ್ ಸರಿಹೋಗಲು 10.5ರ ಆಡ್ಸ್ ಬೇಕಿತ್ತು. ಇದು ಅಷ್ಟು ದೊಡ್ಡ ವ್ಯತ್ಯಾಸ ಅಲ್ಲ ಅನ್ನಿಸುತ್ತದೆ, ನಿಜ. ಆದರೆ ನಿಮ್ಮ ಮನೆಯ ರೊಕ್ಕದ ನಿಜವಾದ ಬೆಲೆ ನೂರಕ್ಕೆ 4 ಅಲ್ಲ. ಅದೇ ಆಗಸ್ಟ್‌ನಲ್ಲಿ ಅಪ್ಪಾರು ದಲಾಲಿ ಅಂಗಡಿಯಲ್ಲಿ ನೂರಕ್ಕೆ ಎರಡರಂತೆ ತಗೊಂಡಿದ್ದಾರೆ. ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ 24. ನಿಮ್ಮ 200 ಪೌಂಡ್ ಆ ಸಾಲಕ್ಕೆ ಹೋಗಿದ್ದರೆ ಒಂಬತ್ತೂವರೆ ತಿಂಗಳಲ್ಲಿ 38 ಪೌಂಡ್ ಬಡ್ಡಿ ಉಳಿಯುತ್ತಿತ್ತು. ಬುಕ್ಕಿ ತಗೊಂಡ 23ಕ್ಕಿಂತ ಇದೇ ಹೆಚ್ಚು! ಈ ಬಡ್ಡಿ ಸೇರಿಸಿದರೆ ನಿಮಗೆ ಬೇಕಾಗಿದ್ದ ಆಡ್ಸ್ 12.1. ತಿರುಗಿಸಿ ಹೇಳುವುದಾದರೆ, ಮಾರುಕಟ್ಟೆ ನೂರಕ್ಕೆ 9.8 ಅನ್ನುತ್ತಿದ್ದ ತಂಡಕ್ಕೆ ನೂರಕ್ಕೆ 13.2ಕ್ಕಿಂತ ಹೆಚ್ಚು ಸಾಧ್ಯತೆ ಇದೆ ಎಂದು ನಿಮಗೆ ಗಟ್ಟಿ ಗೊತ್ತಿದ್ದರೆ ಮಾತ್ರ ಈ ಬೆಟ್ ಮೈಮೇಲೆ ಬರುವುದಿಲ್ಲ. ಸಾಲ ಇರುವ ಮನೆಯಲ್ಲಿ ಮಲಗಿದ ರೊಕ್ಕದ ಬೆಲೆ ಅಂದರೆ ಆ ಮನೆಯ ಅತಿ ದುಬಾರಿ ಸಾಲದ ಬಡ್ಡಿ. ಅಪ್ಪಾರು ಕೂಗುವುದು ಇದನ್ನೇ.

ಬುಕ್ಕಿಗೂ ಬಡ್ಡಿ ಇದೆ, ಆದರೆ ಅದು ಅವನ ಕಡೆಗೆ ಹರಿಯುತ್ತದೆ. ಸಾವಿರಾರು ಜನ ಆಗಸ್ಟ್‌ನಲ್ಲಿ ಕಟ್ಟಿದ ರೊಕ್ಕ ಮೇ ತನಕ ಅವನ ಹತ್ತಿರ ಬಡ್ಡಿ ಇಲ್ಲದೆ ಇರುತ್ತದೆ. ಗೆದ್ದವರಿಗೆ ಕೊಡುವಾಗ ಅವನು ಒಂಬತ್ತು ತಿಂಗಳ ಬಡ್ಡಿ ಸೇರಿಸಿ ಕೊಡುವುದಿಲ್ಲ.

ಅವಧಿಯೂ ನಿಮ್ಮ ಕೈಯಲ್ಲಿಲ್ಲ. 2020ರ ಮಾರ್ಚ್ 13ರಂದು ಕೊರೊನಾದಿಂದ ಪ್ರೀಮಿಯರ್ ಲೀಗ್ ನಿಂತಾಗ ಲಿವರ್‌ಪೂಲ್ 25 ಅಂಕ ಮುಂದಿತ್ತು. ಎರಡು ಗೆಲುವು ಬಂದಿದ್ದರೆ ಕಪ್ ಅವರದು. ಲೀಗ್ ಮತ್ತೆ ಶುರುವಾದದ್ದು ಜೂನ್ 17ಕ್ಕೆ, ಕಪ್ ಖಚಿತವಾದದ್ದು ಜೂನ್ 25ಕ್ಕೆ. ಲಿವರ್‌ಪೂಲ್ ಮೇಲೆ ಹಾಕಿದವರು ಗೆದ್ದೇಬಿಟ್ಟಿದ್ದ ಬೆಟ್ ಹಿಡಿದುಕೊಂಡು, ಸೀಸನ್ನನ್ನೇ ರದ್ದು ಮಾಡಿಯಾರೇನೋ ಅನ್ನುವ ಮಾತುಗಳ ನಡುವೆ ಮೂರು ತಿಂಗಳಿಗೂ ಮೇಲೆ ಕೂತಿದ್ದರು. ನಮ್ಮ ಐಪಿಎಲ್ ಕೂಡ 2021ರಲ್ಲಿ ಮೇ 4ಕ್ಕೆ ನಿಂತು ಫೈನಲ್ ನಡೆದದ್ದು ಅಕ್ಟೋಬರ್ 15ಕ್ಕೆ.

ಈಗ ಆ 340ರ ಗುಂಡಿ. ಬೆಟ್ ಗೆದ್ದರೆ ನಿಮಗೆ ಬರುವುದು 1800. ಎಕ್ಸ್‌ಚೇಂಜ್‌ನಲ್ಲಿ 4.4 ಇದೆ ಅಂದಿರಿ. ಎಕ್ಸ್‌ಚೇಂಜ್ ಅಂದರೆ ಅಲ್ಲಿ ಜನ ಜನರ ಜೊತೆಗೇ ಬೆಟ್ ಕಟ್ಟುತ್ತಾರೆ, ನಡೆಸುವವನು ಗೆದ್ದವರ ಲಾಭದಲ್ಲಿ ಕಮಿಷನ್ ತಗೊಳ್ಳುತ್ತಾನೆ. ದೊಡ್ಡ ಲೀಗುಗಳಲ್ಲಿ ಅಲ್ಲಿನ ದರಗಳನ್ನು ಕೂಡಿಸಿದರೆ ನೂರಕ್ಕೆ ಬಹಳ ಹತ್ತಿರ ಬರುತ್ತದೆ, ಹೀಗಾಗಿ ನಿಜವಾದ ಸಾಧ್ಯತೆ ನೋಡಲು ಬುಕ್ಕಿಯ 4.00ಕ್ಕಿಂತ ಅದು ಒಳ್ಳೆಯ ಅಳತೆ. 1ನ್ನು 4.4ರಿಂದ ಭಾಗಿಸಿದರೆ ನೂರಕ್ಕೆ 22.7. 1800ರ 22.7 ಅಂದರೆ 409. ನಿಮ್ಮ ಚೀಟಿಯ ಇವತ್ತಿನ ನ್ಯಾಯವಾದ ಬೆಲೆ 409 ಪೌಂಡ್, ಬುಕ್ಕಿ ಕೊಡುತ್ತೇನೆ ಅನ್ನುವುದು 340. ಒಳಗೆ ಹೋಗುವಾಗ 23 ಕೊಟ್ಟಿದ್ದಿರಿ, ಹೊರಗೆ ಬರಲು 69 ಕೇಳುತ್ತಿದ್ದಾನೆ. ಗುಂಡಿಯ ಮೇಲೆ ಅಂಕಿ ಮಾತ್ರ ಇರುತ್ತದೆ, ಹೊರಬರುವ ಈ ದಂಡ ಎಲ್ಲೂ ಬರೆದಿರುವುದಿಲ್ಲ. ಎಕ್ಸ್‌ಚೇಂಜ್ ದರದಿಂದ ಹೀಗೆ ಭಾಗಿಸಿ ನೋಡಿದಾಗಲೇ ಗೊತ್ತಾಗುವುದು.

ದಂಡ ಕೊಡದೆ ಹೊರಬರುವ ದಾರಿ ಇದೆ. ಎಕ್ಸ್‌ಚೇಂಜ್‌ನಲ್ಲಿ ನಿಮ್ಮದೇ ತಂಡದ ವಿರುದ್ಧ, "ಇದು ಗೆಲ್ಲುವುದಿಲ್ಲ" ಎಂದು ಕಟ್ಟುವುದು. ಅದಕ್ಕೆ ಲೇ ಮಾಡುವುದು ಅನ್ನುತ್ತಾರೆ. 4.4ರ ದರಕ್ಕೆ 409 ಪೌಂಡ್ ಲೇ ಮಾಡಿದರೆ, ತಂಡ ಸೋತಾಗ ನಿಮಗೆ 409 ಬರುತ್ತದೆ. ನೂರಕ್ಕೆ 2ರ ಕಮಿಷನ್ ಅಂತ ಹಿಡಿದರೆ ಕೈಗೆ 401. ತಂಡ ಗೆದ್ದರೆ ನೀವು 409ರ 3.4 ಪಟ್ಟು, ಅಂದರೆ 1391 ಕೊಡಬೇಕು, ಆದರೆ ಬುಕ್ಕಿಯಿಂದ 1800 ಬರುತ್ತದೆ, ಉಳಿಯುವುದು 409. ಹೇಗೇ ಆದರೂ ಮೇ ತಿಂಗಳಲ್ಲಿ 400 ಪೌಂಡಿನ ಆಸುಪಾಸು ಖಚಿತ. 340ಕ್ಕಿಂತ 60 ಹೆಚ್ಚು.

ಇಷ್ಟು ಹೇಳಿ "ಎಕ್ಸ್‌ಚೇಂಜ್‌ಗೆ ಹೋಗಿ" ಎಂದು ಮುಗಿಸುವವರು ಬಹಳ ಜನ. ಅವರು ಬಿಡುವುದು ಡೈರಿಯ ಮೂರನೇ ಸಾಲು. ಲೇ ಮಾಡಬೇಕಾದರೆ ಆ 1391 ಪೌಂಡನ್ನು ಎಕ್ಸ್‌ಚೇಂಜ್ ಇವತ್ತೇ ನಿಮ್ಮ ಖಾತೆಯಲ್ಲಿ ಹಿಡಿದಿಡುತ್ತದೆ, ಮೇ ಕೊನೆಯವರೆಗೆ. ಮಲಗಿದ 200ನ್ನು ಎಬ್ಬಿಸಲು ಹೋಗಿ ಇನ್ನೂ 1391 ಮಲಗಿಸಿದ ಹಾಗೆ. ಹಾಗಾಗಿ ಎರಡು ದಾರಿಯನ್ನು ಹೀಗೆ ಪಕ್ಕಪಕ್ಕ ಇಡಬೇಕು. ಕ್ಯಾಶ್ ಔಟ್ ಮಾಡಿದರೆ ಇವತ್ತು ನಿಮ್ಮ ಕೈಯಲ್ಲಿ ಆ 1391 ಮತ್ತು 340, ಒಟ್ಟು 1731 ಪೌಂಡ್ ಸ್ವತಂತ್ರವಾಗಿ ಇರುತ್ತದೆ. ಲೇ ಮಾಡಿದರೆ ನಾಲ್ಕೂವರೆ ತಿಂಗಳ ನಂತರ ಕಡಿಮೆಯೆಂದರೂ 1792 ಬರುತ್ತದೆ. 1731 ಕೊಟ್ಟು 61 ದುಡಿಯುವ ಠೇವಣಿ ಅಂದುಕೊಳ್ಳಿ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ನೂರಕ್ಕೆ 9ರಿಂದ 10.

ಉತ್ತರ ಇಲ್ಲೇ ಎರಡಾಗಿ ಒಡೆಯುತ್ತದೆ. ಆ 1391 ಪೌಂಡ್ ನಿಮ್ಮ ಉಳಿತಾಯ ಖಾತೆಯಲ್ಲಿ 4ರ ಬಡ್ಡಿಗೆ ಸುಮ್ಮನೆ ಕೂತಿದೆ, ಮನೆಯಲ್ಲಿ ಸಾಲವೂ ಇಲ್ಲ ಅಂದರೆ ಲೇ ಮಾಡುವುದು ಒಳ್ಳೆಯದು. ಕ್ಯಾಶ್ ಔಟ್‌ಗಿಂತ 35 ಪೌಂಡ್ ಹೆಚ್ಚು ಉಳಿಯುತ್ತದೆ. ಆದರೆ ನಿಮ್ಮ ಮನೆಯಲ್ಲಿ ವರ್ಷಕ್ಕೆ 24ರ ಸಾಲ ಇದೆ. 1731 ಪೌಂಡ್ ಆ ಸಾಲದ ಕಡೆಗೆ ಹೋದರೆ ನಾಲ್ಕೂವರೆ ತಿಂಗಳಲ್ಲಿ 156 ಪೌಂಡ್ ಬಡ್ಡಿ ಉಳಿಯುತ್ತದೆ. 61ರ ಆಸೆಗೆ 156 ಬಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಬುಕ್ಕಿ 69 ಪೌಂಡ್ ಕತ್ತರಿಸಿ ಕೊಡುತ್ತಿದ್ದಾನೆ ಅನ್ನುವುದು ಎದೆಗೆ ಚುಚ್ಚುತ್ತದೆ, ಆದರೂ ನಿಮ್ಮ ಪರಿಸ್ಥಿತಿಯಲ್ಲಿ ಆ ಕತ್ತರಿಸಿದ 340 ತಗೊಳ್ಳುವುದೇ ಸರಿ.

ಸುಮ್ಮನೆ ಬಿಟ್ಟು ಮೇ ತನಕ ಕಾಯುವುದು ಮೂರನೇ ದಾರಿ. ಸರಾಸರಿ ಲೆಕ್ಕದಲ್ಲಿ ಅದರ ಬೆಲೆ 409, 340ಕ್ಕಿಂತ ಹೆಚ್ಚು. 340ನ್ನು ಅಪ್ಪಾರಿಗೆ ಕಳಿಸಿದರೆ ಮೇ ಹೊತ್ತಿಗೆ ಬಡ್ಡಿ ಸೇರಿ 371 ಆಗುತ್ತದೆ, ಆಗಲೂ ಕಾಯುವುದೇ ಕಾಗದದ ಮೇಲೆ 38 ಪೌಂಡ್ ಮುಂದೆ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಈ 409 ಅನ್ನುವುದು ಹತ್ತು ಸಲದಲ್ಲಿ ಸುಮಾರು ಎರಡು ಸಲ 1800, ಎಂಟು ಸಲ ಸೊನ್ನೆ ಅನ್ನುವುದರ ಸರಾಸರಿ. ಇಂಥ ನೂರು ಚೀಟಿ ಇದ್ದವನಿಗೆ ಸರಾಸರಿ ಕೈಗೆ ಬರುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ. ನನ್ನ ಮಗನಾಗಿದ್ದರೆ ಕಾಯಬೇಡ ಅನ್ನುತ್ತಿದ್ದೆ.

ಕ್ಯಾಶ್ ಔಟ್ ಒತ್ತುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ನಿಮ್ಮ ತಂಡದ ಪಂದ್ಯ ನಡೆಯುವಾಗ ಒತ್ತಬೇಡಿ, ಆಗ ದರ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಗುಂಡಿ ಮಧ್ಯೆ ಮಧ್ಯೆ ಮಂಕಾಗಿ ನಿಂತುಬಿಡುತ್ತದೆ. ಪಂದ್ಯ ಇಲ್ಲದ ದಿನ, ಎಕ್ಸ್‌ಚೇಂಜ್ ದರವನ್ನು ಪಕ್ಕದಲ್ಲಿ ತೆರೆದಿಟ್ಟು, 1800ನ್ನು ಅದರಿಂದ ಭಾಗಿಸಿ, ಬುಕ್ಕಿ ಎಷ್ಟು ಕತ್ತರಿಸುತ್ತಿದ್ದಾನೆ ನೋಡಿ. ಒಂದೆರಡು ದಿನದ ಅಂತರದಲ್ಲಿ ಈ ಕತ್ತರಿ ಹೆಚ್ಚುಕಡಿಮೆ ಆಗುವುದುಂಟು. ಇನ್ನೊಂದು, ಬಂದ ರೊಕ್ಕವನ್ನು ಬುಕ್ಕಿಯ ಖಾತೆಯಲ್ಲಿ ಬಿಡದೆ ಅದೇ ದಿನ ಬ್ಯಾಂಕಿಗೆ ತೆಗೆದುಕೊಳ್ಳಿ. ಅಲ್ಲೇ ಬಿಟ್ಟರೆ ಮುಂದಿನ ಶನಿವಾರ ಅದು ಸೊಪ್ಪಿನ ಬುಟ್ಟಿಗೆ ಹೋಗುತ್ತದೆ.

ಇದನ್ನು ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಕೂತು ಓದುವವರಿಗೂ ಒಂದು ಮಾತು. ಮೇಲಿನ ಲೆಕ್ಕ ಬೆಟ್ಟಿಂಗ್ ಕಾನೂನುಬದ್ಧವಾಗಿರುವ ದೇಶದಲ್ಲಿ ನೆಲೆಸಿದ ಒಬ್ಬರದ್ದು. ಇಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಭಾರತದಿಂದ ಹೊರದೇಶಕ್ಕೆ ಲಾಟರಿ, ಫುಟ್‌ಬಾಲ್ ಪೂಲ್ ಇಂಥವಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯ ನಿಯಮಗಳು 2000ದಿಂದಲೇ ತಡೆದಿವೆ. ಅಣ್ಣನೋ ತಮ್ಮನೋ ಹೊರಗಿದ್ದಾನೆ, ಅವನ ಖಾತೆಯಿಂದ ನಮ್ಮದನ್ನೂ ಹಾಕಿಸೋಣ ಅನ್ನುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನು ಐಪಿಎಲ್ ಹೊತ್ತಿಗೆ ಗಲ್ಲಿಯಲ್ಲಿ ಕೈಬಾಯಿಯ ಮೇಲೆ ನಡೆಯುವ ಕಪ್‌ನ ಬಾಜಿಯಲ್ಲಿ ಕೂಡಿಸಿ ನೋಡಲು ದರಪಟ್ಟಿಯೂ ಪೂರ್ತಿ ಸಿಗುವುದಿಲ್ಲ, ಎರಡು ತಿಂಗಳ ನಂತರ ಗೆದ್ದದ್ದನ್ನು ಕೊಡದಿದ್ದರೆ ಕೇಳಲು ಜಾಗವೂ ಇಲ್ಲ. ನಮ್ಮ ಕಡೆಯ ಪ್ರೀತಿಯೆಲ್ಲ ಒಂದೇ ತಂಡದ ಮೇಲೆ. 2008ರಿಂದ ಕಾದು 2025ರ ಜೂನ್ 3ಕ್ಕೆ ಆರ್‌ಸಿಬಿ ಕಪ್ ಎತ್ತಿದಾಗ ನಾನೂ ಕಣ್ಣೊರೆಸಿಕೊಂಡವನೇ. ಎಲ್ಲರೂ ಒಂದೇ ಕಡೆ ಹಾಕುವ ಊರಿನಲ್ಲಿ ಆ ತಂಡಕ್ಕೆ ಒಳ್ಳೆಯ ದರ ಕೊಡಬೇಕಾದ ಜರೂರು ಯಾವ ಬುಕ್ಕಿಗೂ ಇರುವುದಿಲ್ಲ.

ಅಪ್ಪಾರಿಗೆ ಕಳಿಸುವಾಗ ಇನ್ನೊಂದು ಕೇಳಿಕೊಳ್ಳಿ. ದಲಾಲಿ ಅಂಗಡಿಯಲ್ಲಿ ನೀವು ಕೊಟ್ಟದ್ದನ್ನು ಮೊದಲು ಬಡ್ಡಿಗೆ ಜಮಾ ಮಾಡುತ್ತಾರೋ ಅಸಲಿಗೋ ಎಂದು. ಬಾಕಿ ಬಡ್ಡಿ ಮೊದಲು ಮುರಿದುಕೊಳ್ಳುವುದು ಆದರೆ, ಈಗಿನವರೆಗಿನ ಬಡ್ಡಿ ಪೂರ್ತಿ ತೀರುವಷ್ಟು ಒಟ್ಟಿಗೆ ಕಳಿಸಿ, ಮಿಕ್ಕದ್ದು ಅಸಲಿಗೆ ಜಮಾ ಆಯಿತು ಎಂದು ಖಾತೆಯ ಪುಟದಲ್ಲಿ ಬರೆಸಿಕೊಂಡು ಅದರ ಫೋಟೊ ತರಿಸಿಕೊಳ್ಳಿ. ನಾನು ಮೇಲೆ ಬರೆದ 156 ಪೌಂಡ್ ಉಳಿಯುವುದು ರೊಕ್ಕ ಅಸಲಿಗೆ ಬಿದ್ದರೆ ಮಾತ್ರ.